ಖಾಲಿ ಜಾಗ, ಫರ್ನಿಶ್ಡ್ ಆಫೀಸು, ಸೀಟು ಲೆಕ್ಕ: 25 ಜನರ ಕಂಪನಿ ಯಾವುದಕ್ಕೆ ಎಲ್‌ಒಐ ಕೊಡಬೇಕು?

"ಮೂರು ಜಾಗ ನೋಡಿದ್ದೀವಿ. ಇಷ್ಟ ಆದದ್ದಕ್ಕೆ ಬೇಗ ಎಲ್‌ಒಐ ಕೊಡಿ ಅಂತ ಬ್ರೋಕರ್ ದಿನಾ ಫೋನ್ ಮಾಡ್ತಿದ್ದಾರೆ. ಯಾವುದಕ್ಕೆ ಕೊಡೋಣ?" ಬೆಂಗಳೂರಿನಲ್ಲಿ ಇಪ್ಪತ್ತು ಮೂವತ್ತು ಜನರ ಕಂಪನಿ ನಡೆಸುವವರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ನೋಡಿದ ಮೂರು ಜಾಗಗಳೂ ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ: ಒಂದು ಖಾಲಿ ಫ್ಲೋರು, ಇನ್ನೊಂದು ಹಿಂದಿನ ಕಂಪನಿ ಬಿಟ್ಟುಹೋದ ಫರ್ನಿಶ್ಡ್ ಆಫೀಸು, ಮೂರನೆಯದು ಸೀಟಿಗೆ ಇಷ್ಟು ಅಂತ ಕೊಡುವ ಮ್ಯಾನೇಜ್ಡ್ ಆಫೀಸು. ಮೂರಕ್ಕೂ ಬೆಲೆ ಹೇಳುವ ರೀತಿ ಬೇರೆ ಬೇರೆ. ಹಾಗಾಗಿ ಹೋಲಿಸೋದು ಹೇಗೆ ಅಂತಲೇ ಗೊತ್ತಾಗುವುದಿಲ್ಲ.

ಎಲ್‌ಒಐ ಅಂದರೆ ಬಾಡಿಗೆ ಕರಾರಿಗೆ ಮುಂಚೆ ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಓನರಿಗೆ ಬರೆಯುವ ಒಂದೆರಡು ಪುಟದ ಪತ್ರ. ಇಷ್ಟು ಚದರಡಿ, ಇಷ್ಟು ಬಾಡಿಗೆ, ಇಷ್ಟು ಅಡ್ವಾನ್ಸ್, ಒಳಗಿನ ಕೆಲಸ ಯಾರು ಮಾಡಿಸಬೇಕು, ಇವಿಷ್ಟು ಅದರಲ್ಲಿ ಇರುತ್ತವೆ. ಸಾಮಾನ್ಯವಾಗಿ ಅದು ಯಾರನ್ನೂ ಕಟ್ಟಿಹಾಕುವ ಕಾಗದ ಅಲ್ಲ, ಹಾಗಂತ ಅದರಲ್ಲೇ ಬರೆದಿರಬೇಕು. ಆದರೂ ಚೌಕಾಸಿಗೆ ನಿಮ್ಮ ಕೈ ಮೇಲಿರುವುದು ಈ ಹಂತದಲ್ಲಿ ಮಾತ್ರ. ಓನರ್ ಸಹಿ ಹಾಕಿದ ಮೇಲೆ ಲಾಯರು ಇದೇ ಅಂಕಿಗಳನ್ನು ಕರಾರಿಗೆ ಇಳಿಸುತ್ತಾರೆ. ಆಗ "ಸಾರ್, ಲೋಡ್ ಹೆಚ್ಚಿಸಿಕೊಡಬೇಕಿತ್ತು" ಅಂದರೆ "ಅದು ಎಲ್‌ಒಐನಲ್ಲಿ ಇರಲಿಲ್ವಲ್ಲ" ಅನ್ನುವ ಉತ್ತರ ಸಿದ್ಧವಾಗಿರುತ್ತದೆ.

ಹಾಗಾಗಿ ಮೂರೂ ಜಾಗಗಳನ್ನು ಒಂದು ಉದಾಹರಣೆಯಲ್ಲಿ ಪಕ್ಕಪಕ್ಕ ಇಟ್ಟು ನೋಡೋಣ. ಕಂಪನಿಯಲ್ಲಿ 25 ಜನ. ದಕ್ಷಿಣ ಬೆಂಗಳೂರಿನಲ್ಲಿ ಜಾಗ ಬೇಕು. ಇಲ್ಲಿನ ದರಗಳೆಲ್ಲ ಲೆಕ್ಕಕ್ಕಾಗಿ ನಾನು ಹಿಡಿದವು. ನಿಮಗೆ ಬಂದ ಕೊಟೇಶನ್ನಿನ ಅಂಕಿ ಹಾಕಿಕೊಂಡು ಇದೇ ಲೆಕ್ಕ ಮಾಡಿ.

ಯಾವುದರ ಮೇಲೆ ತೂಗಬೇಕು

ತಿಂಗಳ ಬಾಡಿಗೆಯನ್ನು ಮಾತ್ರ ನೋಡಿ ಜಾಗ ಆರಿಸುವವರೇ ಜಾಸ್ತಿ. ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ನೀವು ಅಲ್ಲಿ ಇರುವಷ್ಟು ವರ್ಷಕ್ಕೆ ಒಟ್ಟು ಖರ್ಚೆಷ್ಟು? ಮೊದಲ ದಿನವೇ ಕೈಯಿಂದ ಹೋಗುವ ದುಡ್ಡೆಷ್ಟು? ಮಧ್ಯದಲ್ಲಿ ಬಿಟ್ಟುಹೋಗಬೇಕಾಗಿ ಬಂದರೆ ಏನು ಗತಿ? ಸಹಿ ಹಾಕಿದ ಎಷ್ಟು ದಿನಕ್ಕೆ ಜನ ಬಂದು ಕೂರಬಹುದು?

ಇದರಲ್ಲಿ ಮೂರನೆಯದನ್ನು ಯಾರೂ ಕೇಳುವುದಿಲ್ಲ. ಸಣ್ಣ ಕಂಪನಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಒಬ್ಬ ದೊಡ್ಡ ಗ್ರಾಹಕ ಕೈಬಿಟ್ಟರೆ 25 ಜನ 14 ಆಗಬಹುದು. ಹೊಸ ಗ್ರಾಹಕ ಸಿಕ್ಕರೆ 40 ಆಗಬಹುದು. ಎರಡರಲ್ಲೂ ಆಫೀಸು ನಿಮ್ಮ ಅಳತೆಗೆ ಇರುವುದಿಲ್ಲ.

ಮೊದಲು ಚದರಡಿ ಒಂದೇ ಅಳತೆಗೆ ಬರಲಿ

ಓನರ್ ಹೇಳುವ ಚದರಡಿ ಸೂಪರ್ ಬಿಲ್ಟ್‌ಅಪ್. ಅದರಲ್ಲಿ ಲಿಫ್ಟು, ಮೆಟ್ಟಿಲು, ಲಾಬಿ, ಕೆಲವು ಕಡೆ ಜನರೇಟರ್ ರೂಮಿನ ಪಾಲೂ ಸೇರಿರುತ್ತದೆ. ನೀವು ಕುರ್ಚಿ ಹಾಕುವುದು ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಗೋಡೆಯೊಳಗೆ ಅಳೆದರೆ ಸಿಗುವ ನೆಲದಲ್ಲಿ. ಎರಡು ಸಣ್ಣ ಮೀಟಿಂಗ್ ರೂಮು, ಒಂದು ಪ್ಯಾಂಟ್ರಿ ಸೇರಿಸಿ ತಲೆಗೆ 60 ಚದರಡಿ ಕಾರ್ಪೆಟ್ ಹಿಡಿದರೆ 25 ಜನಕ್ಕೆ 1,500 ಬೇಕು.

ಖಾಲಿ ಫ್ಲೋರು 2,400 ಚದರಡಿ, ದರ 65 ರೂಪಾಯಿ, ಅದರಲ್ಲಿ ಕಾರ್ಪೆಟ್ 75 ಪರ್ಸೆಂಟ್ ಅಂತ ಹೇಳುತ್ತಾರೆ. ಅಂದರೆ 1,800. ಫರ್ನಿಶ್ಡ್ ಆಫೀಸು 2,200 ಚದರಡಿ, ದರ 90 ರೂಪಾಯಿ, ಕಾರ್ಪೆಟ್ 70 ಪರ್ಸೆಂಟ್, ಅಂದರೆ 1,540. ಈಗ ಕಾರ್ಪೆಟ್ ಲೆಕ್ಕದಲ್ಲಿ ದರ ನೋಡಿ: ಮೊದಲನೆಯದು ಸುಮಾರು 87 ರೂಪಾಯಿ, ಎರಡನೆಯದು ಸುಮಾರು 129. ಬೋರ್ಡಿನ ಮೇಲೆ 25 ರೂಪಾಯಿ ಇದ್ದ ವ್ಯತ್ಯಾಸ ನೆಲಕ್ಕೆ ಬಂದಾಗ 42 ಆಯಿತು. ಮೊದಲನೆಯದರಲ್ಲಿ 30 ಜನ ಕೂರಬಹುದು, ಎರಡನೆಯದರಲ್ಲಿ 25ಕ್ಕೇ ಭರ್ತಿ.

ಈ ಪರ್ಸೆಂಟನ್ನು ನಂಬಬೇಡಿ, ಅಳೆಯಿರಿ. ಲೇಸರ್ ಮೀಟರ್ ಇದ್ದರೆ ಅರ್ಧ ಗಂಟೆಯ ಕೆಲಸ. 1,800 ಅಂದದ್ದು ಅಳೆದಾಗ 1,640 ಬಂತು ಅಂದುಕೊಳ್ಳಿ. 160 ಚದರಡಿ ಕಮ್ಮಿ. ತಿಂಗಳಿಗೆ ಸುಮಾರು 13,900 ರೂಪಾಯಿ ಇಲ್ಲದ ಜಾಗಕ್ಕೆ ಹೋಗುತ್ತದೆ. ಮೂರು ವರ್ಷದಲ್ಲಿ ಎರಡು ತಿಂಗಳ ಮಾಫಿ ಕಳೆದು ಬಾಡಿಗೆ ಕಟ್ಟುವ 34 ತಿಂಗಳಿಗೆ 4.7 ಲಕ್ಷ. ಹೆಚ್ಚಾಗಿ ಕಾಣೆಯಾಗುವುದು ಕಂಬಗಳ ಸುತ್ತ ಮತ್ತು ಎಸಿ ಹೊರಘಟಕ ಇಡುವ ಬಾಲ್ಕನಿಯಲ್ಲಿ. ಆದ್ದರಿಂದ ಎಲ್‌ಒಐನಲ್ಲಿ ಸೂಪರ್ ಬಿಲ್ಟ್‌ಅಪ್ ಜೊತೆ ಕಾರ್ಪೆಟ್ ಅಂಕಿಯನ್ನೂ ಬರೆಯಿರಿ. "ಇಬ್ಬರೂ ಸೇರಿ ಅಳೆದಾಗ ಕಾರ್ಪೆಟ್ ಕಮ್ಮಿ ಬಂದರೆ ಬಾಡಿಗೆಯೂ ಅಡ್ವಾನ್ಸೂ ಅದೇ ಪ್ರಮಾಣದಲ್ಲಿ ಇಳಿಯಬೇಕು" ಎಂಬ ಒಂದು ಸಾಲು ಸಾಕು.

ಖಾಲಿ ಫ್ಲೋರು: ಬಾಡಿಗೆ ಕಮ್ಮಿ, ತಲೆನೋವು ನಿಮ್ಮದು

ಬಾಡಿಗೆ 1,56,000. ಮೇಂಟೆನೆನ್ಸ್ ಚದರಡಿಗೆ 8 ರೂಪಾಯಿಯಂತೆ 19,200. ಅಡ್ವಾನ್ಸ್ ಹತ್ತು ತಿಂಗಳದ್ದು, 15.6 ಲಕ್ಷ. ಕೆಲಸ ಮಾಡಿಸಿಕೊಳ್ಳಲು ಎರಡು ತಿಂಗಳು ಬಾಡಿಗೆ ಇಲ್ಲ. ಲಾಕ್‌ಇನ್, ಅಂದರೆ ಮಧ್ಯದಲ್ಲಿ ಬಿಟ್ಟುಹೋದರೂ ಬಾಡಿಗೆಗೆ ನೀವೇ ಹೊಣೆಯಾಗುವ ಅವಧಿ, ಮೂರು ವರ್ಷ. ಆಮೇಲೆ 15 ಪರ್ಸೆಂಟ್ ಏರಿಕೆ. ಫಾಲ್ಸ್ ಸೀಲಿಂಗು, ವೈರಿಂಗು, ಎಸಿ, ಪಾರ್ಟಿಷನ್ನು, ಟೇಬಲ್ಲು ಕುರ್ಚಿ ಎಲ್ಲ ಸೇರಿ ಕಾರ್ಪೆಟ್ ಚದರಡಿಗೆ 1,800 ರೂಪಾಯಿ ಹಿಡಿದರೂ 32.4 ಲಕ್ಷ.

ಇಲ್ಲಿ ಕೆಡುವುದು ಬಹಳ ಸಲ ಕರೆಂಟಿನ ವಿಷಯದಲ್ಲಿ. 1,800 ಚದರಡಿಗೆ ಸುಮಾರು 12 ಟನ್ ಎಸಿ ಬೇಕು. ಟನ್ನಿಗೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ಕಿಲೋವ್ಯಾಟ್ ಹಿಡಿದರೆ 13 ರಿಂದ 14 ಕಿಲೋವ್ಯಾಟ್. 25 ಕಂಪ್ಯೂಟರಿಗೆ ತಲಾ 150 ವ್ಯಾಟಿನಂತೆ ಹೆಚ್ಚು ಕಡಿಮೆ 4. ದೀಪ, ಪ್ಯಾಂಟ್ರಿ, ನೆಟ್‌ವರ್ಕ್ ರ‍್ಯಾಕಿಗೆ 2 ರಿಂದ 3. ಒಟ್ಟು ಸುಮಾರು 20 ಕಿಲೋವ್ಯಾಟ್. ಈಗ ಆ ಫ್ಲೋರಿನ ಹಳೇ ಬೆಸ್ಕಾಂ ಬಿಲ್ ಕೇಳಿ ನೋಡಿ. ಮಂಜೂರಾದ ಲೋಡ್ 12 ಅಂತಿದ್ದರೆ ಎಂಟು ಕಮ್ಮಿ. ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಬೇಕಾದವರು ಓನರ್, ಯಾಕಂದರೆ ಮೀಟರು ಅವರ ಹೆಸರಿನಲ್ಲಿದೆ. ಅದರ ಠೇವಣಿ ಮತ್ತು ಶುಲ್ಕ ಯಾರು ಕಟ್ಟಬೇಕು, ಲೋಡ್ ಬರುವವರೆಗೆ ಬಾಡಿಗೆ ಓಡಬೇಕಾ, ಇದನ್ನು ಎಲ್‌ಒಐನಲ್ಲಿ ಬರೆಯದೇ ಹೋದರೆ ಎರಡೂ ನಿಮ್ಮ ತಲೆಗೇ ಬರುತ್ತದೆ. ಜನರೇಟರಿನಲ್ಲಿ ನಿಮಗೆ ಎಷ್ಟು ಕೆವಿಎ ಪಾಲು ಅಂತಲೂ ಆಗಲೇ ಕೇಳಿ. "ಫುಲ್ ಬ್ಯಾಕಪ್ ಇದೆ" ಅನ್ನುವುದು ಉತ್ತರ ಅಲ್ಲ.

ಇದಕ್ಕೆ ಅಂಟಿಕೊಂಡೇ ಇರುವ ಇನ್ನೊಂದು ವಿಷಯ ಒಸಿ, ಅಂದರೆ ಕಟ್ಟಡದ ಸ್ವಾಧೀನ ಪತ್ರ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಇದು ಇದ್ದ ಕಟ್ಟಡಕ್ಕೆ ಮಾತ್ರ ಕರೆಂಟು ನೀರಿನ ಸಂಪರ್ಕ ಕೊಡಬೇಕು ಅಂತ ಹೇಳಿತು. ಅಲ್ಲಿಂದೀಚೆಗೆ ಒಸಿ ಇಲ್ಲದ ಕಟ್ಟಡಗಳ ಓನರುಗಳು ಒದ್ದಾಡಿದ್ದಾರೆ. ಫರ್ನಿಶ್ಡ್ ಆಫೀಸಿನಲ್ಲಿ ಕರೆಂಟು ಆಗಲೇ ಇರುತ್ತದೆ, ಅಪಾಯ ಅಷ್ಟು ಎದ್ದು ಕಾಣುವುದಿಲ್ಲ. ಖಾಲಿ ಫ್ಲೋರಿಗೆ ಹೊಸ ಸಂಪರ್ಕವೋ ಹೆಚ್ಚುವರಿ ಲೋಡೋ ಬೇಕಾದರೆ ಒಸಿ ಪ್ರತಿ ನೋಡದೆ ಟೋಕನ್ ಕೊಡಬೇಡಿ.

ಎರಡು ತಿಂಗಳ ಬಾಡಿಗೆ ಮಾಫಿ ಯಾವ ದಿನದಿಂದ ಅನ್ನುವುದೂ ಮುಖ್ಯ. ಕರಾರಿಗೆ ಸಹಿ ಬಿದ್ದ ದಿನದಿಂದ ಅಂತ ಓನರ್ ಬರೆಸುತ್ತಾರೆ. ಅಷ್ಟರಲ್ಲಿ ಲಿಫ್ಟು ರಿಪೇರಿಯಲ್ಲಿರುತ್ತದೆ, ಟಾಯ್ಲೆಟ್ ಟೈಲ್ಸ್ ಬಾಕಿ ಇರುತ್ತದೆ, ನಿಮ್ಮ ಕಾಂಟ್ರಾಕ್ಟರ್ ಒಳಗೆ ಕಾಲಿಡುವ ಹೊತ್ತಿಗೆ ಮೂರು ವಾರ ಹೋಗಿರುತ್ತದೆ. ಕೀಲಿ, ಮಾತಾದಷ್ಟು ಲೋಡ್, ನೀರು, ಲಿಫ್ಟು, ಈ ನಾಲ್ಕೂ ಸಿಕ್ಕ ದಿನದಿಂದ 60 ದಿನ ಅಂತ ಬರೆಯಿರಿ. ಆ ಅರವತ್ತು ದಿನಕ್ಕೂ ಮೇಂಟೆನೆನ್ಸ್ ಕೇಳುವುದು ರೂಢಿ. ಅರ್ಧಕ್ಕೆ ಇಳಿಸಿ ಅಂತ ಕೇಳಿದರೆ ತಪ್ಪೇನಿಲ್ಲ.

ಕೊನೆಗೆ ಕಾಗದದ ವಿಷಯ. "11 ತಿಂಗಳ ಅಗ್ರಿಮೆಂಟ್ ಮಾಡೋಣ, ರಿಜಿಸ್ಟ್ರೇಷನ್ ಖರ್ಚು ಉಳಿಯುತ್ತೆ" ಅಂತ ಓನರ್ ಅಂದರೆ, ಖಾಲಿ ಫ್ಲೋರಿನ ಮಟ್ಟಿಗೆ ಸುತರಾಂ ಒಪ್ಪಬೇಡಿ. ಒಂದು ವರ್ಷ ಮೀರಿದ ಬಾಡಿಗೆ ಕರಾರು ರಿಜಿಸ್ಟರ್ ಆಗಲೇಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತದೆ. ರಿಜಿಸ್ಟರ್ ಆಗದಿದ್ದರೆ ಅದರ ಷರತ್ತುಗಳನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಕಷ್ಟ. 32 ಲಕ್ಷ ಗೋಡೆಗೆ ಬಡಿದು, 11 ತಿಂಗಳ ಕಾಗದ ಕೈಯಲ್ಲಿ ಹಿಡಿದು ಕೂತರೆ ಹನ್ನೆರಡನೇ ತಿಂಗಳು ಓನರ್ ಹೇಳಿದ್ದೇ ಬಾಡಿಗೆ. ಸ್ಟಾಂಪ್ ಡ್ಯೂಟಿ ಮತ್ತು ನೋಂದಣಿ ಖರ್ಚು ಯಾರದು, ಅರ್ಧ ಅರ್ಧವೇ, ಅದನ್ನೂ ಎಲ್‌ಒಐನಲ್ಲೇ ಮುಗಿಸಿ.

ಫರ್ನಿಶ್ಡ್ ಆಫೀಸು: ನಾಳೆ ಕೂರಬಹುದು, ಆದರೆ ಯಾರ ಕುರ್ಚಿ ಮೇಲೆ?

ಬಾಡಿಗೆ 1,98,000, ಮೇಂಟೆನೆನ್ಸ್ 22,000. ಅಡ್ವಾನ್ಸ್ ಆರು ತಿಂಗಳದ್ದು, 11.88 ಲಕ್ಷ. ಬಾಡಿಗೆ ಮಾಫಿ 15 ದಿನ. ಲಾಕ್‌ಇನ್ ಎರಡು ವರ್ಷ. ಏರಿಕೆ ಮೂರು ವರ್ಷದ ನಂತರ 15 ಪರ್ಸೆಂಟ್. ಬಣ್ಣ, ಬೋರ್ಡು, ಒಂದು ಮೀಟಿಂಗ್ ರೂಮಿನ ಬದಲಾವಣೆಗೆ ಮೂರು ಲಕ್ಷ.

ಇಲ್ಲಿ ಎಲ್‌ಒಐನ ಜೀವ ಇರುವುದು ಸಾಮಾನು ಪಟ್ಟಿಯಲ್ಲಿ. "ಈಗಿರುವ ಫರ್ನಿಚರ್ ಸಮೇತ" ಅಂತ ಬರೆದರೆ ಸಾಲದು. ಹಿಂದಿನ ಕಂಪನಿ ಖಾಲಿ ಮಾಡುವಾಗ ಒಳ್ಳೇ ಕುರ್ಚಿ, ಯುಪಿಎಸ್ ಬ್ಯಾಟರಿ, ನೆಟ್‌ವರ್ಕ್ ಸ್ವಿಚ್ಚು ಎತ್ತಿಕೊಂಡು ಹೋದ ಪ್ರಸಂಗಗಳು ಬೇಕಾದಷ್ಟಿವೆ. ನೀವು ನೋಡಿದ ದಿನ ಇದ್ದದ್ದು ಕೀಲಿ ಸಿಕ್ಕ ದಿನ ಇರುವುದಿಲ್ಲ. ಮೊದಲು ಆ ಸಾಮಾನು ಓನರದ್ದೋ ಹಿಂದಿನ ಬಾಡಿಗೆದಾರರದ್ದೋ ಅಂತ ನೇರವಾಗಿ ಕೇಳಿ. ಆಮೇಲೆ ಒಂದೊಂದು ಸಾಲಿಗೆ ಒಂದೊಂದು ವಸ್ತು, ಎಣಿಕೆ ಮತ್ತು ಫೋಟೋ ಸಮೇತ ಎಲ್‌ಒಐಗೆ ಲಗತ್ತಿಸಿ.

ಎಸಿಗಳ ವಯಸ್ಸು ತಪ್ಪದೆ ನೋಡಿ. ಹೊರಘಟಕದ ಪಕ್ಕದ ಸ್ಟಿಕ್ಕರಿನಲ್ಲಿ ತಯಾರಿಕೆಯ ವರ್ಷ ಇರುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಹೋಗಿ, ಎಲ್ಲಾ ಎಸಿಗಳನ್ನೂ ಒಟ್ಟಿಗೆ ಹಾಕಿಸಿ ಅರ್ಧ ಗಂಟೆ ಅಲ್ಲೇ ಇರಿ. ಲೋಡ್ ಸಾಲದಿದ್ದರೆ ಅಷ್ಟರಲ್ಲಿ ಟ್ರಿಪ್ ಆಗುವ ಸಾಧ್ಯತೆ ಜಾಸ್ತಿ. ಎಂಟು ಹತ್ತು ವರ್ಷದ ಎಸಿ ಆಗಿದ್ದರೆ ಕಂಪ್ರೆಸರ್ ಹೋದಾಗ ದುಡ್ಡು ಯಾರದು ಅಂತ ಬರೆಯಿರಿ. ದಿನನಿತ್ಯದ ಸರ್ವಿಸ್ ನಿಮ್ಮದು, ಕಂಪ್ರೆಸರ್ ಮತ್ತು ಪೂರ್ತಿ ಬದಲಾವಣೆ ಓನರದ್ದು ಅನ್ನುವುದು ಇಬ್ಬರಿಗೂ ನ್ಯಾಯವಾದ ಹಂಚಿಕೆ.

ಚದರಡಿಗೆ 25 ರೂಪಾಯಿ ಜಾಸ್ತಿ ಕೊಡುತ್ತಿರುವುದು ಈ ಸಾಮಾನಿಗೆ. ಹಾಗಿದ್ದ ಮೇಲೆ ಮೂರು ವರ್ಷದ ನಂತರ ಹಳೇ ಕುರ್ಚಿಗೂ 15 ಪರ್ಸೆಂಟ್ ಏರಿಕೆ ಯಾಕೆ? ಬಾಡಿಗೆಯನ್ನು ಎರಡು ಭಾಗ ಮಾಡಿ ಅಂತ ಕೇಳಿ: ಜಾಗಕ್ಕೆ 65, ಫರ್ನಿಚರಿಗೆ 25, ಏರಿಕೆ 65ಕ್ಕೆ ಮಾತ್ರ. ಎಲ್ಲ ಓನರೂ ಒಪ್ಪುವುದಿಲ್ಲ. ಆದರೆ ಬಹಳ ದಿನದಿಂದ ಖಾಲಿ ಬಿದ್ದ ಆಫೀಸಾದರೆ ಒಪ್ಪಿದರೂ ಒಪ್ಪಬಹುದು.

ಸೀಟು ಲೆಕ್ಕದ ಆಫೀಸು

ಸೀಟಿಗೆ 11,000, ಒಟ್ಟು 2,75,000. ಕರೆಂಟು, ನೆಟ್ಟು, ಹೌಸ್‌ಕೀಪಿಂಗ್, ಕಾಫಿ ಎಲ್ಲ ಅದರಲ್ಲೇ. ಅಡ್ವಾನ್ಸ್ ಮೂರು ತಿಂಗಳದ್ದು, 8.25 ಲಕ್ಷ. ಲಾಕ್‌ಇನ್ ಒಂದು ವರ್ಷ, ವರ್ಷಕ್ಕೆ 7 ಪರ್ಸೆಂಟ್ ಏರಿಕೆ. ಒಂದು ವಾರದಲ್ಲಿ ಕೂರಬಹುದು.

ಇಲ್ಲಿ ನೀವು ಬರೆಯುವುದು ಬಾಡಿಗೆ ಕರಾರು ಅಲ್ಲ, ಜಾಗ ಬಳಸುವ ಲೈಸೆನ್ಸು. ಆಪರೇಟರ್ ಕೂಡ ಕಟ್ಟಡದ ಓನರಿಗೆ ಬಾಡಿಗೆದಾರನೇ. ಅವನ ಕರಾರು ಇನ್ನೂ ಎಷ್ಟು ವರ್ಷ ಇದೆ ಅಂತ ಎಲ್‌ಒಐಗೆ ಮುಂಚೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕಂಪನಿ ನೋಂದಣಿಗೂ ಜಿಎಸ್‌ಟಿಗೂ ಆ ವಿಳಾಸ ಬಳಸಲು ಎನ್‌ಒಸಿ ಕೊಡುತ್ತಾರಾ ಅಂತಲೂ ನೋಡಿ. ಮೀಟಿಂಗ್ ರೂಮಿಗೆ ತಿಂಗಳಿಗೆ ಇಷ್ಟು ಗಂಟೆ ಅಂತ ಮಿತಿ ಇರುತ್ತದೆ, ಕಾರ್ ಪಾರ್ಕಿಂಗ್ ಬೇರೆ. ಈ ಎರಡಕ್ಕೆ ತಿಂಗಳಿಗೆ 10,000 ಹಿಡಿದಿದ್ದೇನೆ.

ಫಿಟ್‌ಔಟ್, ಅಂದರೆ ಒಳಗಿನ ಕೆಲಸದ ಮಾತು ಇಲ್ಲಿ ಹೆಚ್ಚಿಲ್ಲ. ಬದಲಿಗೆ ಒಂದು ಸಾಲು ಗಿಟ್ಟಿಸಿಕೊಳ್ಳಲು ನೋಡಿ: ಆರು ತಿಂಗಳ ನಂತರ ಐದು ಸೀಟಿನವರೆಗೆ ಕಮ್ಮಿ ಮಾಡುವ ಹಕ್ಕು, ಮತ್ತು ಅದೇ ದರದಲ್ಲಿ ಐದು ಸೀಟು ಸೇರಿಸುವ ಹಕ್ಕು. ಸೇರಿಸಲು ಕೂಡಲೇ ಒಪ್ಪುತ್ತಾರೆ. ಕಮ್ಮಿ ಮಾಡಲು ಜಗ್ಗಾಡಬೇಕು.

ಮೂರೂ ಒಂದೇ ಹಾಳೆಯ ಮೇಲೆ

ಮೊದಲೆರಡು ಜಾಗಗಳಿಗೆ ಕರೆಂಟು, ನೆಟ್ಟು, ಹೌಸ್‌ಕೀಪಿಂಗ್ ಅಂತ ತಿಂಗಳಿಗೆ 60,000 ಸೇರಿಸಿದ್ದೇನೆ. ಜಿಎಸ್‌ಟಿ ಮತ್ತು ಬ್ರೋಕರ್ ಕಮಿಷನ್ ಬಿಟ್ಟಿದ್ದೇನೆ. ಅಡ್ವಾನ್ಸ್ ವಾಪಸ್ ಬರುವ ದುಡ್ಡು, ಆದ್ದರಿಂದ ಒಟ್ಟು ಖರ್ಚಿನಲ್ಲಿ ಅದು ಇಲ್ಲ.

| | ಖಾಲಿ ಫ್ಲೋರು | ಫರ್ನಿಶ್ಡ್ | ಸೀಟು ಲೆಕ್ಕ |
|---|---|---|---|
| ಮೊದಲೇ ಬೇಕಾದ ದುಡ್ಡು (ಅಡ್ವಾನ್ಸ್ + ಕೆಲಸ) | 48 ಲಕ್ಷ | 14.9 ಲಕ್ಷ | 8.25 ಲಕ್ಷ |
| 3 ವರ್ಷದ ಒಟ್ಟು ಖರ್ಚು | 1.14 ಕೋಟಿ | 1.03 ಕೋಟಿ | 1.10 ಕೋಟಿ |
| 5 ವರ್ಷದ ಒಟ್ಟು ಖರ್ಚು | 1.76 ಕೋಟಿ | 1.77 ಕೋಟಿ | 1.96 ಕೋಟಿ |

ಬಾಡಿಗೆ ಎಲ್ಲಕ್ಕಿಂತ ಕಮ್ಮಿ ಇದ್ದ ಖಾಲಿ ಫ್ಲೋರು ಮೂರು ವರ್ಷಕ್ಕೆ ಎಲ್ಲಕ್ಕಿಂತ ದುಬಾರಿ. ಐದನೇ ವರ್ಷಕ್ಕೆ ಹೇಗೋ ಫರ್ನಿಶ್ಡ್ ಆಫೀಸಿನ ಸಮಕ್ಕೆ ಬರುತ್ತದೆ. ಅಂದರೆ ಐದು ವರ್ಷಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಅದರ ಲಾಭ. ಜೊತೆಗೆ ಮೊದಲ ದಿನವೇ 33 ಲಕ್ಷ ಹೆಚ್ಚು ಕಟ್ಟಿರುತ್ತೀರಿ. ಆ ದುಡ್ಡಿಗೆ ಬ್ಯಾಂಕಿನ ಬಡ್ಡಿ ಸೇರಿಸಿದರೆ ಸಮ ಆಗುವುದು ಇನ್ನೂ ದೂರ. ಒಂದು ಮಾತು ಅದರ ಪರವಾಗಿಯೂ ಹೇಳಬೇಕು: ಅಲ್ಲಿ 30 ಜನಕ್ಕೆ ಜಾಗ ಇದೆ. ನೀವು ನಿಜವಾಗಿ 30ಕ್ಕೆ ಬೆಳೆದರೆ ಸೀಟು ಲೆಕ್ಕದ ಖರ್ಚು ಐದರಲ್ಲಿ ಒಂದು ಭಾಗ ಏರುತ್ತದೆ, ಫರ್ನಿಶ್ಡ್ ಆಫೀಸು ಇಕ್ಕಟ್ಟಾಗುತ್ತದೆ, ಖಾಲಿ ಫ್ಲೋರಿನ ಬಾಡಿಗೆ ಅಷ್ಟೇ ಇರುತ್ತದೆ.

ಈಗ ಯಾರೂ ಕೇಳದ ಪ್ರಶ್ನೆ. 18ನೇ ತಿಂಗಳಿಗೆ ಬಿಟ್ಟುಹೋಗಬೇಕಾಯಿತು ಅಂದುಕೊಳ್ಳಿ. ಖಾಲಿ ಫ್ಲೋರಿನಲ್ಲಿ ಲಾಕ್‌ಇನ್ ಇನ್ನೂ 18 ತಿಂಗಳು ಬಾಕಿ, 28 ಲಕ್ಷ. ಗೋಡೆಗೆ ಹಾಕಿದ ದುಡ್ಡು ಬೇರೆ ಹೋಯಿತು. ಫರ್ನಿಶ್ಡ್ ಆಫೀಸಿನಲ್ಲಿ ಆರು ತಿಂಗಳು ಬಾಕಿ, 11.88 ಲಕ್ಷ. ಗಮನಿಸಿದಿರಾ? ನಿಮ್ಮ ಅಡ್ವಾನ್ಸ್ ಎಷ್ಟಿತ್ತೋ ಅಷ್ಟೇ. ಓನರ್ ಏನೂ ಕೇಳಬೇಕಾಗಿಲ್ಲ, ವಾಪಸ್ ಕೊಡದಿದ್ದರೆ ಸಾಕು. ಲಾಕ್‌ಇನ್ ಬಾಕಿ ಪೂರ್ತಿ ವಸೂಲಿ ಮಾಡಬಹುದೇ ಅನ್ನುವುದು ಕೋರ್ಟಿನಲ್ಲಿ ವಾದ ಮಾಡಬಹುದಾದ ವಿಷಯ. ಆದರೆ ದುಡ್ಡು ಅವರ ಕೈಯಲ್ಲಿರುವಾಗ ಕೋರ್ಟಿಗೆ ಅಲೆಯಬೇಕಾದವರು ನೀವು. ಸೀಟು ಲೆಕ್ಕದಲ್ಲಾದರೆ ಎರಡು ತಿಂಗಳ ನೋಟಿಸು ಕೊಟ್ಟು ಹೊರಡಬಹುದು.

ಹಾಗಾಗಿ ನನ್ನ ಅಭಿಪ್ರಾಯ ಹೀಗಿದೆ. ಮುಂದಿನ ವರ್ಷ 15 ಜನವೋ 40 ಜನವೋ ಗೊತ್ತಿಲ್ಲದ ಕಂಪನಿ ಸೀಟು ಲೆಕ್ಕಕ್ಕೇ ಹೋಗಲಿ, ಮೂರು ವರ್ಷಕ್ಕೆ ಏಳು ಲಕ್ಷ ಜಾಸ್ತಿ ಆದರೂ ಅದು ನಿದ್ದೆಗೆ ಕೊಟ್ಟ ಬೆಲೆ. ಎರಡು ಮೂರು ವರ್ಷದ ಕೆಲಸ ಕೈಯಲ್ಲಿರುವ, ಜನ ಹೆಚ್ಚು ಕಡಿಮೆ ಇಷ್ಟೇ ಅಂತ ಗೊತ್ತಿರುವ ಕಂಪನಿಗೆ ಫರ್ನಿಶ್ಡ್ ಸರಿ. ಬಹುಪಾಲು ಸಣ್ಣ ಕಂಪನಿಗಳು ಈ ಗುಂಪಿನವು. ಖಾಲಿ ಫ್ಲೋರು ಯಾರಿಗೆ? ಲ್ಯಾಬು, ಕ್ಲಿನಿಕ್ಕು, ಸ್ಟುಡಿಯೋ ಥರದ, ಬೇರೆಯವರ ಒಳಾಂಗಣ ಹೊಂದದ ಕೆಲಸ ಮಾಡುವವರಿಗೆ. ಇಲ್ಲವೇ ಸಾಲ ಮಾಡದೆ 48 ಲಕ್ಷ ಕಟ್ಟಬಲ್ಲ, ಐದಾರು ವರ್ಷ ಅಲ್ಲೇ ಇರುವುದು ಖಚಿತ ಇರುವವರಿಗೆ.

ಜಿಎಸ್‌ಟಿ ಈ ಲೆಕ್ಕವನ್ನು ಕೆಲವರಿಗೆ ಬದಲಿಸುತ್ತದೆ. ಕಮರ್ಷಿಯಲ್ ಬಾಡಿಗೆಗೆ 18 ಪರ್ಸೆಂಟ್. ನೀವು ಕ್ರೆಡಿಟ್ ತೆಗೆದುಕೊಳ್ಳುವ ಕಂಪನಿಯಾದರೆ ಅದು ಹೋಗಿ ಬರುವ ದುಡ್ಡು. ಕ್ಲಿನಿಕ್ಕಿನಂತೆ ಜಿಎಸ್‌ಟಿ ಇಲ್ಲದ ಸೇವೆಯಾದರೆ ಪೂರ್ತಿ ಖರ್ಚೇ: ಫರ್ನಿಶ್ಡ್ ಆಫೀಸಿನ ಬಾಡಿಗೆಗೆ ತಿಂಗಳಿಗೆ 35,640, ಸೀಟು ಲೆಕ್ಕಕ್ಕೆ 49,500. ಓನರ್ ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ, ಹಾಗಾಗಿ ತೆರಿಗೆ ಉಳಿಯಿತು ಅಂದುಕೊಳ್ಳಬೇಡಿ. 2024ರ ಅಕ್ಟೋಬರ್ 10ರಿಂದ ನೋಂದಣಿ ಇರುವ ಬಾಡಿಗೆದಾರರೇ ರಿವರ್ಸ್ ಚಾರ್ಜಿನಲ್ಲಿ ಅದನ್ನು ಕಟ್ಟಬೇಕು. ವಾಪಸ್ ಬರುವ ಅಡ್ವಾನ್ಸಿಗೆ ಜಿಎಸ್‌ಟಿ ಇಲ್ಲ.

ಪತ್ರದಲ್ಲಿ ಏನು ಬರೆಯಬೇಕು

ಎಲ್‌ಒಐ ಇಂಗ್ಲಿಷಿನಲ್ಲೇ ಹೋಗುತ್ತದೆ, ಆದರೆ ತಿರುಳು ಕನ್ನಡದಲ್ಲಿ ಸ್ಪಷ್ಟವಾದರೆ ಸಾಕು. ಫರ್ನಿಶ್ಡ್ ಆಫೀಸಿಗೆ ನಾನು ಬರೆಯುವುದಾದರೆ ಮುಖ್ಯ ಸಾಲುಗಳು ಹೀಗಿರುತ್ತವೆ:

> ಮೂರನೇ ಮಹಡಿಯ 2,200 ಚದರಡಿ ಸೂಪರ್ ಬಿಲ್ಟ್‌ಅಪ್, ಅದರಲ್ಲಿ 1,540 ಚದರಡಿ ಕಾರ್ಪೆಟ್. ಜಂಟಿ ಅಳತೆಯಲ್ಲಿ ಕಮ್ಮಿ ಬಂದರೆ ಬಾಡಿಗೆ, ಮೇಂಟೆನೆನ್ಸ್, ಅಡ್ವಾನ್ಸ್ ಅದೇ ಪ್ರಮಾಣದಲ್ಲಿ ಇಳಿಯುತ್ತವೆ. ಎರಡು ಕಾರು, ಹದಿನೈದು ಬೈಕಿಗೆ ಪಾರ್ಕಿಂಗ್ ಬಾಡಿಗೆಯಲ್ಲೇ ಸೇರಿದೆ.
>
> ಬಾಡಿಗೆ ತಿಂಗಳಿಗೆ 1,98,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಕೀಲಿ, ಲಗತ್ತಿಸಿದ ಪಟ್ಟಿಯ ಸಾಮಾನು, 18 ಕಿಲೋವ್ಯಾಟ್ ಲೋಡ್ ಇವೆಲ್ಲ ಕೈಗೆ ಬಂದ ದಿನದಿಂದ 15 ದಿನ ಬಾಡಿಗೆ ಇಲ್ಲ. ಕರಾರಿನ ಅವಧಿ ಐದು ವರ್ಷ, ಲಾಕ್‌ಇನ್ 24 ತಿಂಗಳು. ಆಮೇಲೆ ಮೂರು ತಿಂಗಳ ನೋಟಿಸು ಕೊಟ್ಟು ಬಾಡಿಗೆದಾರರು ಬಿಡಬಹುದು.
>
> ಅಡ್ವಾನ್ಸ್ 11,88,000 ರೂಪಾಯಿ, ಬಡ್ಡಿ ಇಲ್ಲ. ಖಾಲಿ ಮಾಡಿ ಕೀಲಿ ಕೊಡುವ ದಿನವೇ ವಾಪಸ್. ತಡವಾದರೆ ಹಣ ಬರುವವರೆಗೆ ಬಾಡಿಗೆ ಕಟ್ಟದೆ ಜಾಗ ಇಟ್ಟುಕೊಳ್ಳಬಹುದು. ಕಟ್ಟಡ ಮಾರಿದರೆ ಈ ಹೊಣೆ ಹೊಸ ಓನರಿನದ್ದು.
>
> ಬಿಡುವಾಗ ಸವೆತ ಬಿಟ್ಟು ಇದ್ದ ಸ್ಥಿತಿಯಲ್ಲಿ ಒಪ್ಪಿಸಿದರೆ ಸಾಕು. ಒಳಗಿನ ಕೆಲಸ ಕಿತ್ತು ಖಾಲಿ ಮಾಡುವ ಹೊಣೆ ಬಾಡಿಗೆದಾರರದ್ದಲ್ಲ.

ಕೊನೆಯ ಸಾಲು ಖಾಲಿ ಫ್ಲೋರಿಗೂ ಬೇಕು, ಅಲ್ಲಿ ಇನ್ನೂ ಹೆಚ್ಚು ಬೇಕು. ಇಲ್ಲದಿದ್ದರೆ ನೀವೇ ದುಡ್ಡು ಕೊಟ್ಟು ಕಟ್ಟಿದ ಪಾರ್ಟಿಷನ್ ಕೀಳಲೂ ನೀವೇ ದುಡ್ಡು ಕೊಡುತ್ತೀರಿ.

ಅಡ್ವಾನ್ಸ್ ಬಗ್ಗೆ ಒಂದು ಮಾತು. ಹತ್ತು ತಿಂಗಳು ಕೇಳುವವರನ್ನು ಆರಕ್ಕೆ ಇಳಿಸಲು ಸುಮ್ನೆ ಗೋಗರೆದರೆ ಆಗುವುದಿಲ್ಲ, ಬದಲಿಗೆ ಏನಾದರೂ ಕೊಡಬೇಕು. ಲಾಕ್‌ಇನ್ ಆರು ತಿಂಗಳು ಹೆಚ್ಚಿಸುತ್ತೇವೆ ಅಂದರೆ ಕೆಲವರು ಇಳಿಯುತ್ತಾರೆ. ಆದರೆ ಮೇಲಿನ 18 ತಿಂಗಳ ಲೆಕ್ಕ ನೆನಪಿಟ್ಟುಕೊಂಡು ಕೊಡಿ. ಖಾಲಿ ಫ್ಲೋರಿಗೆ 32 ಲಕ್ಷ ಹಾಕುವವರ ಕೈಯಲ್ಲಿ ಇನ್ನೊಂದು ವಾದ ಇದೆ: "ಅಷ್ಟು ದುಡ್ಡು ನಿಮ್ಮ ಕಟ್ಟಡದೊಳಗೇ ಇರುತ್ತಲ್ವಾ ಸಾರ್, ನಾವು ಓಡಿಹೋಗ್ತೀವಾ?"

ಪತ್ರಕ್ಕೆ ಒಂದು ಕೊನೆಯ ದಿನಾಂಕ ಹಾಕಿ, ಏಳು ದಿನ ಸಾಕು. ಕಟ್ಟಿಹಾಕದ ಪತ್ರ ಅಂತ ಬರೆದಿದ್ದರೆ ಎರಡು ಜಾಗಕ್ಕೆ ಒಟ್ಟಿಗೆ ಎಲ್‌ಒಐ ಕಳಿಸುವುದರಲ್ಲಿ ತಪ್ಪಿಲ್ಲ. ಆದರೆ ಟೋಕನ್ ಒಬ್ಬರಿಗೇ ಕೊಡಿ. ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕೇಳುತ್ತಾರೆ. ಬ್ರೋಕರ್ ಕೈಗೆ ಕೊಡಬೇಡಿ, ಆಸ್ತಿಯ ಖಾತೆಯಲ್ಲಿ ಯಾರ ಹೆಸರಿದೆಯೋ ಅವರ ಬ್ಯಾಂಕ್ ಅಕೌಂಟಿಗೇ ಹಾಕಿ. ಅದಕ್ಕೆ ಮುಂಚೆ ಎಲ್‌ಒಐನಲ್ಲಿ ಈ ಸಾಲು ಇರಲಿ: ಹದಿನೈದು ದಿನದೊಳಗೆ ಓನರ್ ಹಕ್ಕುಪತ್ರ, ಖಾತೆ, ಆಸ್ತಿಯ ಋಣಭಾರ ತೋರಿಸುವ ಇಸಿ, ಒಸಿ, ತೆರಿಗೆ ರಸೀದಿಯ ಪ್ರತಿ ಕೊಡಬೇಕು. ಕಟ್ಟಡದ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವನ್ನೂ ಕೊಡಬೇಕು. ಇವುಗಳಲ್ಲಿ ಯಾವುದು ಬರದಿದ್ದರೂ, ಲಾಯರಿಗೆ ಸರಿ ಕಾಣದಿದ್ದರೂ, ಟೋಕನ್ ಏಳು ದಿನದಲ್ಲಿ ಪೂರ್ತಿ ವಾಪಸ್. ಈ ಸಾಲಿಗೆ ಓನರ್ ಒಪ್ಪದಿದ್ದರೆ ಎರಡನೇ ಜಾಗದ ಎಲ್‌ಒಐಗೆ ಏನು ಉತ್ತರ ಬಂದಿದೆ ನೋಡಿ.